ಏಳು ಪದರಗಳ ಪಾಠ ಇಂಟರ್ನೆಟ್ಟಿನ ಪಾಠವಲ್ಲ

ಕಂಪ್ಯೂಟರ್ ನೆಟ್‌ವರ್ಕ್ ವಿಷಯ ಓದಿ ಪಾಸಾದ ವಿದ್ಯಾರ್ಥಿಗಳ ಬಾಯಲ್ಲಿ ಎರಡು ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ಇಂಟರ್ನೆಟ್ ಹೇಗೆ ಕಟ್ಟಲ್ಪಟ್ಟಿದೆ ಎಂದು ಕೇಳಿದರೆ ಫಿಸಿಕಲ್, ಡೇಟಾ ಲಿಂಕ್, ನೆಟ್‌ವರ್ಕ್, ಟ್ರಾನ್ಸ್‌ಪೋರ್ಟ್, ಸೆಷನ್, ಪ್ರೆಸೆಂಟೇಶನ್, ಅಪ್ಲಿಕೇಶನ್ ಎಂಬ ಏಳು ಪದರಗಳ ಹೆಸರು ಒಂದೇ ಉಸಿರಿನಲ್ಲಿ ಬರುತ್ತದೆ. ಟಿಸಿಪಿಗೂ ಯುಡಿಪಿಗೂ ಏನು ವ್ಯತ್ಯಾಸ ಎಂದು ಕೇಳಿದರೆ, ಟಿಸಿಪಿ ನಂಬಿಕಸ್ಥ ಆದರೆ ನಿಧಾನ, ಯುಡಿಪಿ ವೇಗ ಆದರೆ ನಂಬುವಂತಿಲ್ಲ ಎಂಬ ಉತ್ತರ. ಅದರ ಬೆನ್ನಿಗೇ ಒಂದು ಹೋಲಿಕೆ: ಟಿಸಿಪಿ ರಿಜಿಸ್ಟರ್ಡ್ ಪೋಸ್ಟ್ ಇದ್ದಂತೆ, ಯುಡಿಪಿ ಸಾದಾ ಅಂಚೆ ಇದ್ದಂತೆ. ಆದ್ದರಿಂದ ಮುಖ್ಯವಾದ ದತ್ತಾಂಶಕ್ಕೆ ಟಿಸಿಪಿ, ಕಳೆದುಹೋದರೂ ಚಿಂತೆಯಿಲ್ಲದ ವಿಡಿಯೊ, ಆಟ, ಮಾತುಕತೆಗೆ ಯುಡಿಪಿ. ಪರೀಕ್ಷೆಯಲ್ಲಿ ಈ ಎರಡೂ ಉತ್ತರಗಳಿಗೆ ಪೂರ್ಣ ಅಂಕ ಸಿಗುತ್ತದೆ. ಬೆಂಗಳೂರಿನ ಕಂಪನಿಗಳ ಸಂದರ್ಶನಗಳಲ್ಲೂ ಇವೇ ಪ್ರಶ್ನೆಗಳು, ಇವೇ ಉತ್ತರಗಳು.

ಎರಡೂ ಉತ್ತರಗಳು ತಪ್ಪು ಎಂಬುದು ನನ್ನ ವಾದ. ಅಷ್ಟೇ ಅಲ್ಲ, ಎರಡರ ತಪ್ಪೂ ಒಂದೇ ಬೇರಿನಿಂದ ಹುಟ್ಟಿದ್ದು. ಇಂಟರ್ನೆಟ್ಟಿನ ಪದರಗಳನ್ನು ಕತ್ತರಿಸಿದ ಕಾರಣ ಯಾವುದೋ, ಯುಡಿಪಿ ಹುಟ್ಟಿದ ಕಾರಣವೂ ಅದೇ. ಆ ಕಾರಣವನ್ನು ಮುಚ್ಚಿಟ್ಟು ಏಳು ಹೆಸರುಗಳ ಪಟ್ಟಿಯನ್ನು ಕಲಿಸಿದರೆ ಪದರಗಳೂ ಅರ್ಥವಾಗುವುದಿಲ್ಲ, ಯುಡಿಪಿಯೂ ಅರ್ಥವಾಗುವುದಿಲ್ಲ. ಆ ಅರ್ಥವಾಗದಿರುವಿಕೆಯ ಬೆಲೆಯನ್ನು ಆಮೇಲೆ ಕೆಲಸದ ಜಾಗದಲ್ಲಿ ತೆರಬೇಕಾಗುತ್ತದೆ.

ಮೊದಲು ಇತಿಹಾಸವನ್ನು ನೇರ ಮಾಡಿಕೊಳ್ಳೋಣ. ಓಎಸ್ಐ ಮಾದರಿಯೇ ಮೂಲ, ಅದನ್ನು ಸರಳಗೊಳಿಸಿ ನಾಲ್ಕು ಪದರ ಮಾಡಿದ್ದೇ ಇಂಟರ್ನೆಟ್ ಎಂಬಂತೆ ನಮ್ಮ ತರಗತಿಗಳಲ್ಲಿ ಎರಡು ಕಂಬಗಳ ಚಿತ್ರ ಬರೆದು, ಅಕ್ಕಪಕ್ಕದ ಚೌಕಗಳನ್ನು ಗೆರೆ ಎಳೆದು ಹೊಂದಿಸುತ್ತಾರೆ. ಕಾಲಕ್ರಮ ಇದಕ್ಕೆ ತದ್ವಿರುದ್ಧ. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ತಮ್ಮ ಮೂಲ ಪ್ರಬಂಧ ಪ್ರಕಟಿಸಿದ್ದು 1974ರಲ್ಲಿ. ಯುಡಿಪಿಯ ವಿವರಣೆ ಹೊರಬಂದದ್ದು 1980ರ ಆಗಸ್ಟ್‌ನಲ್ಲಿ, ಐಪಿ ಮತ್ತು ಟಿಸಿಪಿಯ ವಿವರಣೆಗಳು 1981ರ ಸೆಪ್ಟೆಂಬರ್‌ನಲ್ಲಿ. ಅಮೆರಿಕದ ಆರ್ಪಾನೆಟ್ ಈ ಹೊಸ ವ್ಯವಸ್ಥೆಗೆ ಬದಲಾದದ್ದು 1983ರ ಜನವರಿ 1ರಂದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ತನ್ನ ಏಳು ಪದರಗಳ ಉಲ್ಲೇಖ ಮಾದರಿಯನ್ನು ಮಾನಕವಾಗಿ ಪ್ರಕಟಿಸಿದ್ದು 1984ರಲ್ಲಿ. ಅಂದರೆ ಇಂಟರ್ನೆಟ್ ಓಡಲು ಶುರುವಾದ ಮೇಲೆ. ಎರಡೂ ಕೆಲಸಗಳು ಬೇರೆ ಬೇರೆ ಜನ, ಬೇರೆ ಬೇರೆ ಉದ್ದೇಶದಿಂದ ಮಾಡಿದವು. ಒಂದು ಇನ್ನೊಂದರ ಸಂಕ್ಷೇಪವಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. 1974ರ ವಿನ್ಯಾಸದಲ್ಲಿ ಟಿಸಿಪಿ, ಐಪಿ ಎಂದು ಎರಡು ಇರಲಿಲ್ಲ. ಒಂದೇ ಪ್ರೋಟೊಕಾಲ್ ಎಲ್ಲ ಕೆಲಸವನ್ನೂ ಹೊತ್ತಿತ್ತು: ಪ್ಯಾಕೆಟ್ಟನ್ನು ಜಾಲದಿಂದ ಜಾಲಕ್ಕೆ ದಾಟಿಸುವುದು, ಕಳೆದುಹೋದದ್ದನ್ನು ಮತ್ತೆ ಕಳಿಸುವುದು, ಕ್ರಮದಲ್ಲಿ ಜೋಡಿಸಿ ಕೊಡುವುದು. ಫೈಲ್ ಕಳಿಸುವವರಿಗೆ ಇದು ಸರಿಯಾಗಿಯೇ ಇತ್ತು. ಆದರೆ ಅದೇ ಹೊತ್ತಿಗೆ ಪ್ಯಾಕೆಟ್‌ಗಳ ಮೂಲಕ ಮಾತನ್ನು ಸಾಗಿಸುವ ಪ್ರಯೋಗಗಳು ನಡೆಯುತ್ತಿದ್ದವು. ಡ್ಯಾನಿ ಕೋಹೆನ್ ಅದರಲ್ಲಿ ತೊಡಗಿದ್ದವರು. ಮಾತಿಗೆ ಬೇಕಾದದ್ದು ಬೇರೆ. ಒಂದು ಚೂರು ಧ್ವನಿ ಕಳೆದುಹೋದರೆ ಕಿವಿ ಸಹಿಸಿಕೊಳ್ಳುತ್ತದೆ. ಕಳೆದ ಚೂರಿಗಾಗಿ ಇಡೀ ಮಾತು ಕಾದು ನಿಂತರೆ ಸಂಭಾಷಣೆಯೇ ಸಾಧ್ಯವಿಲ್ಲ. ಮತ್ತೆ ಕಳಿಸುವ ಕೆಲಸವನ್ನು ಜಾಲದ ಎಲ್ಲ ಬಳಕೆದಾರರ ಮೇಲೂ ಹೇರಬೇಡಿ ಎಂಬ ಒತ್ತಾಯ ಅಲ್ಲಿಂದ ಬಂತು. ಒಂದೇ ಪ್ರೋಟೊಕಾಲ್ ಎರಡು ಬೇರೆ ಕೆಲಸಗಳನ್ನು ಕಲಸಿಕೊಂಡಿದೆ ಎಂದು ಜಾನ್ ಪೋಸ್ಟೆಲ್ 1977ರ ಆಗಸ್ಟ್‌ನಲ್ಲಿ ಒಂದು ಟಿಪ್ಪಣಿಯಲ್ಲಿ ಖಡಾಖಂಡಿತವಾಗಿ ಬರೆದರು. 1978ರಲ್ಲಿ ಅದನ್ನು ಎರಡಾಗಿ ಸೀಳಿದರು. ಪ್ಯಾಕೆಟ್ ದಾಟಿಸುವ ಕೆಲಸ ಐಪಿಗೆ ಹೋಯಿತು. ಕಳೆದದ್ದನ್ನು ತುಂಬಿ ಕ್ರಮದಲ್ಲಿ ಕೊಡುವ ಕೆಲಸ ಎರಡು ತುದಿಯ ಕಂಪ್ಯೂಟರುಗಳಲ್ಲಿ ಕೂತ ಟಿಸಿಪಿಗೆ ಉಳಿಯಿತು. ಟಿಸಿಪಿ ಬೇಡ ಎನ್ನುವವರು ಐಪಿಯನ್ನು ಹೆಚ್ಚುಕಡಿಮೆ ಅದರ ಮೂಲರೂಪದಲ್ಲೇ ಬಳಸಲಿ ಎಂದು ಯುಡಿಪಿ ಬಂತು. ಪೋಸ್ಟೆಲ್ ಬರೆದ ಅದರ ವಿವರಣೆ, ಆರ್‌ಎಫ್‌ಸಿ 768, ಮೂರೇ ಪುಟ.

ಹೀಗಾಗಿ ಇಂಟರ್ನೆಟ್ಟಿನಲ್ಲಿ ಐಪಿ ಮತ್ತು ಟಿಸಿಪಿಯ ನಡುವೆ ಇರುವ ಗೆರೆ ಯಾರೋ ಸಮಿತಿಯಲ್ಲಿ ಕೂತು ಅಂದಕ್ಕೆ ಎಳೆದದ್ದಲ್ಲ. ತಡವಾಗಿ ಬಂದ ದತ್ತಾಂಶ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನು ಜಾಲ ತೀರ್ಮಾನಿಸಬಾರದು, ಬಳಸುವ ಅಪ್ಲಿಕೇಶನ್ ತೀರ್ಮಾನಿಸಬೇಕು ಎಂಬ ನಿರ್ಧಾರವೇ ಆ ಗೆರೆ. ಪದರಗಳ ಪಾಠವೂ ಯುಡಿಪಿಯ ಪಾಠವೂ ಒಂದೇ ಪಾಠ ಎಂದು ನಾನು ಹೇಳುವುದು ಇದಕ್ಕೇ.

ಏಳು ಪದರಗಳ ಮಾದರಿ ಈ ನಿರ್ಧಾರವನ್ನು ಹೇಗೆ ಕಂಡಿತು? 1984ರ ಮೂಲ ಮಾನಕ ವಿವರಿಸಿದ್ದು ಸಂಪರ್ಕ ಏರ್ಪಡಿಸಿಕೊಂಡು ನಡೆಯುವ ಸಂವಹನವನ್ನು. ಮೊದಲು ಸಂಪರ್ಕ, ಆಮೇಲೆ ದತ್ತಾಂಶ, ಕೊನೆಗೆ ಸಂಪರ್ಕ ಕಡಿತ. ಸಂಪರ್ಕವಿಲ್ಲದೆ ಪ್ಯಾಕೆಟ್ ಕಳಿಸುವ ಬಗೆಯನ್ನು ಆಮೇಲೆ ಒಂದು ಅನುಬಂಧವಾಗಿ ಸೇರಿಸಬೇಕಾಯಿತು. ಐಪಿಗೂ ಯುಡಿಪಿಗೂ ಜೀವಾಳವಾದ ಸಂಗತಿಯೇ ಆ ಮಾದರಿಗೆ ನಂತರದ ಸೇರ್ಪಡೆ. ಅಂಥ ಮಾದರಿಯ ಚೌಕದೊಳಗೆ ಯುಡಿಪಿಯನ್ನು ಕೂರಿಸಿ, ಅದು ನಾಲ್ಕನೆಯ ಪದರದ ಒಂದು ಕೊರತೆಯುಳ್ಳ ಸದಸ್ಯ ಎಂಬಂತೆ ತೋರಿಸುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯ.

ಮೇಲಿನ ಪದರಗಳ ಕಥೆ ಇನ್ನೂ ದುರ್ಬಲ. ವೈರ್‌ಶಾರ್ಕ್ ತೆರೆದು, ಒಂದು ಜಾಲತಾಣಕ್ಕೆ ಹೋಗಿ, ಸಿಕ್ಕ ಒಂದು ಪ್ಯಾಕೆಟ್ಟಿನ ಮೇಲೆ ಕ್ಲಿಕ್ ಮಾಡಿ ನೋಡಿ. ಒಂದರ ಕೆಳಗೊಂದು `Ethernet II`, `Internet Protocol Version 4`, `Transmission Control Protocol`, `Transport Layer Security` ಎಂಬ ಸಾಲುಗಳು ಕಾಣುತ್ತವೆ. ಪ್ರತಿ ಸಾಲನ್ನೂ ಬಿಡಿಸಿದರೆ ಅದರ ಹೆಡರಿನ ಬೈಟುಗಳು ಬೇರೆಯಾಗಿ ಎದ್ದು ಕಾಣುತ್ತವೆ. ಸೆಷನ್ ಪದರದ ಹೆಡರ್ ಅಲ್ಲಿಲ್ಲ. ಪ್ರೆಸೆಂಟೇಶನ್ ಪದರದ ಹೆಡರೂ ಇಲ್ಲ. ಹಾಗಾದರೆ ಟಿಎಲ್ಎಸ್ ಯಾವ ಪದರ? ಗುಪ್ತಲಿಪಿ ಮಾಡುತ್ತದೆ, ಆದ್ದರಿಂದ ಆರನೆಯದು ಎನ್ನುತ್ತಾರೆ ಕೆಲವರು. ಎರಡು ಕಡೆಯವರ ನಡುವೆ ಪರಿಚಯ ಏರ್ಪಡಿಸುತ್ತದೆ, ಆದ್ದರಿಂದ ಐದನೆಯದು ಎನ್ನುತ್ತಾರೆ ಇನ್ನು ಕೆಲವರು. ಹೆಸರಿನಲ್ಲೇ ಟ್ರಾನ್ಸ್‌ಪೋರ್ಟ್ ಇದೆ, ನಾಲ್ಕನೆಯದು ಎನ್ನುವವರೂ ಇದ್ದಾರೆ. ಈ ಚರ್ಚೆಯಲ್ಲಿ ಯಾರು ಗೆದ್ದರೂ ಒಂದು ಪ್ಯಾಕೆಟ್ಟಿನ ನಡತೆಯೂ ಬದಲಾಗುವುದಿಲ್ಲ, ಒಂದು ದೋಷವೂ ಪತ್ತೆಯಾಗುವುದಿಲ್ಲ. ಉತ್ತರ ಯಾವುದಾದರೂ ಏನೂ ವ್ಯತ್ಯಾಸವಾಗದ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಕೇಳುವುದೇ ತಪ್ಪು.

ಇಂಟರ್ನೆಟ್ಟನ್ನು ಕಟ್ಟಿದವರು ತಮ್ಮ ಪದರಗಳನ್ನು ತಾವೇ ಬರೆದಿಟ್ಟಿದ್ದಾರೆ. 1989ರ ಆರ್‌ಎಫ್‌ಸಿ 1122 ಹೇಳುವುದು ನಾಲ್ಕು: ಲಿಂಕ್, ಇಂಟರ್ನೆಟ್, ಟ್ರಾನ್ಸ್‌ಪೋರ್ಟ್, ಅಪ್ಲಿಕೇಶನ್. ದತ್ತಾಂಶದ ರೂಪ, ಗುಪ್ತಲಿಪಿ, ಸಂವಾದದ ಸರದಿ ಎಲ್ಲವೂ ಅಪ್ಲಿಕೇಶನ್ನಿನ ಜವಾಬ್ದಾರಿ. ಯಾವ ಅಪ್ಲಿಕೇಶನ್‌ಗೆ ಏನು ಬೇಕೋ ಅದು ತಂದುಕೊಳ್ಳಲಿ. ಈ ಪದರಗಳ ನಡುವಿನ ಗೋಡೆಗಳೂ ಪಾಠದಲ್ಲಿ ಹೇಳುವಷ್ಟು ಗಟ್ಟಿಯಲ್ಲ. ಟಿಸಿಪಿ ಮತ್ತು ಯುಡಿಪಿಯ ಚೆಕ್‌ಸಮ್ ಲೆಕ್ಕ ಹಾಕುವಾಗ ಕೆಳಗಿನ ಐಪಿ ಹೆಡರಿನಲ್ಲಿರುವ ಎರಡೂ ವಿಳಾಸಗಳನ್ನು ಸೇರಿಸಿಕೊಳ್ಳಬೇಕು. ತಪ್ಪು ವಿಳಾಸಕ್ಕೆ ಹೋದ ಪ್ಯಾಕೆಟ್ ಸಿಕ್ಕಿಬೀಳಲಿ ಎಂದು ಬೇಕೆಂದೇ ಮಾಡಿದ ಏರ್ಪಾಡು ಇದು. ಮನೆಯ ರೂಟರ್ ವಿಳಾಸ ಬದಲಿಸುವಾಗ ಈ ಚೆಕ್‌ಸಮ್ಮನ್ನೂ ತಿದ್ದಬೇಕಾಗುವುದು ಇದರಿಂದಲೇ. ಒಂದು ಪದರ ಇನ್ನೊಂದರ ಒಳಗನ್ನು ನೋಡುವುದೇ ಇಲ್ಲ ಎಂದು ಕಲಿತ ವಿದ್ಯಾರ್ಥಿಗೆ ಇದು ಒಗಟಾಗಿ ಉಳಿಯುತ್ತದೆ.

ಏಳು ಪದರಗಳ ಪರವಾಗಿ ಹೇಳುವ ಬಲವಾದ ಮಾತೊಂದಿದೆ, ಅದನ್ನು ಕಡೆಗಣಿಸುವುದು ಸರಿಯಲ್ಲ. ಕೆಲಸದ ಜಾಗದಲ್ಲಿ ಲೇಯರ್ 2 ಸ್ವಿಚ್, ಲೇಯರ್ 3 ಸ್ವಿಚ್, ಲೇಯರ್ 7 ಲೋಡ್ ಬ್ಯಾಲೆನ್ಸರ್ ಎಂದೇ ಎಲ್ಲರೂ ಮಾತಾಡುತ್ತಾರೆ. ದೋಷ ಹುಡುಕುವಾಗ ಕೇಬಲ್ಲಿನಿಂದ ಶುರುಮಾಡಿ ಮೇಲಕ್ಕೆ ಹೋಗುವುದು ಒಳ್ಳೆಯ ಶಿಸ್ತು. ಇವೆರಡನ್ನೂ ನಾನು ಒಪ್ಪುತ್ತೇನೆ. ಆದರೆ ಆ ಮಾತುಗಳಲ್ಲಿ ಬಳಕೆಯಾಗುವ ಸಂಖ್ಯೆಗಳು ಯಾವುವು ನೋಡಿ: 1, 2, 3, 4, 7. ಐದು ಮತ್ತು ಆರರ ಉಪಕರಣ ಕೇಳಿಕೊಂಡು ಯಾರೂ ಅಂಗಡಿಗೆ ಹೋಗುವುದಿಲ್ಲ. ಓಎಸ್ಐ ಕೆಲಸದಿಂದ ಹುಟ್ಟಿದ ಐಎಸ್-ಐಎಸ್ ಎಂಬ ರೂಟಿಂಗ್ ಪ್ರೋಟೊಕಾಲ್ ದೊಡ್ಡ ಜಾಲಗಳಲ್ಲಿ ಇಂದಿಗೂ ದುಡಿಯುತ್ತಿದೆ, ಟಿಎಲ್ಎಸ್ ಬಳಸುವ ಪ್ರಮಾಣಪತ್ರಗಳ ರೂಪವೂ ಆ ಬಳಗದ್ದೇ. ಆ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಹೆಸರಿನ ರೂಢಿಯಾಗಿ ಆ ಸಂಖ್ಯೆಗಳನ್ನು ಹದಿನೈದು ನಿಮಿಷದಲ್ಲಿ ಕಲಿಸಬಹುದು. ಇಂಟರ್ನೆಟ್ ಕೆಲಸ ಮಾಡುವ ಬಗೆ ಅದೇ ಎಂದು ಇಡೀ ಪಠ್ಯಕ್ರಮವನ್ನು ಅದರ ಮೇಲೆ ನಿಲ್ಲಿಸುವುದಕ್ಕೆ ಮಾತ್ರ ನನ್ನ ವಿರೋಧ.

ಇನ್ನು ಟಿಸಿಪಿ, ಯುಡಿಪಿಯ ಪಾಠ. ಯುಡಿಪಿ ವೇಗ ಎಂಬ ಮಾತನ್ನು ಮೊದಲು ಪರೀಕ್ಷಿಸೋಣ. ಎರಡೂ ಹೋಗುವುದು ಅದೇ ತಂತಿಯ ಮೇಲೆ, ಅದೇ ಐಪಿ ಪ್ಯಾಕೆಟ್ಟಿನೊಳಗೆ, ಅದೇ ರೂಟರಿನ ಅದೇ ಸರದಿಯಲ್ಲಿ. ಯುಡಿಪಿಯ ಹೆಡರ್ 8 ಬೈಟ್, ಟಿಸಿಪಿಯದು ಕನಿಷ್ಠ 20 ಬೈಟ್. ವ್ಯತ್ಯಾಸ 12 ಬೈಟ್. ವೇಗದ ಕಥೆ ಕಟ್ಟಲು ಅದು ಸಾಲದು. ಯುಡಿಪಿಯಲ್ಲಿ ನಿಜವಾಗಿ ಉಳಿಯುವುದು ಸಂಪರ್ಕ ಏರ್ಪಡಿಸುವ ಒಂದು ಸುತ್ತಿನ ಸಮಯ. ಒಂದು ಪ್ರಶ್ನೆ, ಒಂದು ಉತ್ತರ ಎಂಬಷ್ಟೇ ವ್ಯವಹಾರವಿದ್ದರೆ ಆ ಉಳಿತಾಯ ದೊಡ್ಡದು. ದೊಡ್ಡ ಫೈಲ್ ಕಳಿಸುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ.

ಟಿಸಿಪಿ ನಿಧಾನ ಎನಿಸುವುದು ಅದು ಜಾಲದ ದಟ್ಟಣೆಯನ್ನು ನೋಡಿಕೊಂಡು ತನ್ನ ಗತಿಯನ್ನು ತಗ್ಗಿಸುವುದರಿಂದ. ಅದು ದೌರ್ಬಲ್ಯವಲ್ಲ. 1986ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ನಡುವೆ, ಅರ್ಧ ಕಿಲೋಮೀಟರೂ ಇಲ್ಲದ ದಾರಿಯಲ್ಲಿ, ದತ್ತಾಂಶದ ಹರಿವು ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಎಲ್ಲರೂ ಒಟ್ಟಿಗೆ ತುಂಬಿ, ಕಳೆದದ್ದನ್ನು ಮತ್ತೆ ಮತ್ತೆ ಕಳಿಸಿ, ಜಾಲ ಉಸಿರುಗಟ್ಟಿತ್ತು. ವ್ಯಾನ್ ಜೇಕಬ್‌ಸನ್ ಅದರ ಬೆನ್ನು ಹತ್ತಿ 1988ರಲ್ಲಿ ಪ್ರಕಟಿಸಿದ ಉಪಾಯಗಳೇ ಇಂದಿನ ಟಿಸಿಪಿಯ ಸಂಯಮಕ್ಕೆ ಅಡಿಪಾಯ. ಯುಡಿಪಿಯಲ್ಲಿ ಆ ಸಂಯಮ ತಾನಾಗಿ ಬರುವುದಿಲ್ಲ, ಬಳಸುವವರೇ ಬರೆದುಕೊಳ್ಳಬೇಕು. ವೇಗ ಎಂದು ನಂಬಿ 10 ಮೆಗಾಬಿಟ್‌ನ ದಾರಿಗೆ ಯುಡಿಪಿಯಲ್ಲಿ 50 ಮೆಗಾಬಿಟ್ ಸುರಿದರೆ ಐದರಲ್ಲಿ ನಾಲ್ಕು ಪಾಲು ದಾರಿಯಲ್ಲೇ ಬಿದ್ದುಹೋಗುತ್ತದೆ, ಜೊತೆಗೆ ಅದೇ ದಾರಿ ಬಳಸುವ ಉಳಿದವರ ಸಂಪರ್ಕವೂ ಹಾಳಾಗುತ್ತದೆ.

ಹಾಗಾದರೆ ಮಾತುಕತೆಗೆ ಯುಡಿಪಿ ಏಕೆ? ಕಳೆದುಹೋದರೂ ಚಿಂತೆಯಿಲ್ಲ ಎಂಬ ಕಾರಣಕ್ಕಲ್ಲ. ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಮಾತಿನ ಪ್ಯಾಕೆಟ್‌ಗಳು 20 ಮಿಲಿಸೆಕೆಂಡಿಗೆ ಒಂದರಂತೆ ಹೊರಡುತ್ತವೆ. ಒಂದು ಕಡೆಯ ಪ್ರಯಾಣಕ್ಕೆ 30 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ದಾರಿಯ ಏರುಪೇರು ಸರಿದೂಗಿಸಲು ಕೇಳುವವರ ಫೋನ್ ಪ್ರತಿ ಪ್ಯಾಕೆಟ್ಟನ್ನೂ ಬರಬೇಕಾದ ಹೊತ್ತಿಗಿಂತ 60 ಮಿಲಿಸೆಕೆಂಡ್ ತಡವಾಗಿ ನುಡಿಸುತ್ತದೆ. ಸೊನ್ನೆಯ ಹೊತ್ತಿನಲ್ಲಿ ಹೊರಟ ಪ್ಯಾಕೆಟ್ 30ಕ್ಕೆ ತಲುಪಬೇಕು, 90ಕ್ಕೆ ಕಿವಿಗೆ ಕೇಳಬೇಕು. ಅದರ ನಂತರದವು 110, 130, 150ಕ್ಕೆ. ಈಗ ಮೊದಲ ಪ್ಯಾಕೆಟ್ ಕಳೆದುಹೋಯಿತು.

ಟಿಸಿಪಿ ಬಳಸಿದ್ದರೆ ಏನಾಗುತ್ತದೆ? ಮುಂದಿನ ಮೂರು ಪ್ಯಾಕೆಟ್‌ಗಳು 50, 70, 90ಕ್ಕೆ ತಲುಪುತ್ತವೆ. ಪ್ರತಿ ಸಲವೂ ಈ ಕಡೆಯ ಟಿಸಿಪಿ, ನನಗೆ ಇನ್ನೂ ಮೊದಲನೆಯದೇ ಬೇಕು ಎಂದು ಉತ್ತರ ಕಳಿಸುತ್ತದೆ. ಆ ಮೂರನೆಯ ಪುನರುತ್ತರ ಕಳಿಸಿದವರ ಕಡೆ ಮುಟ್ಟುವುದು 120ಕ್ಕೆ. ಮೂರು ಸಿಕ್ಕ ಮೇಲೆ ಪ್ಯಾಕೆಟ್ ಕಳೆದಿದೆ ಎಂದು ತೀರ್ಮಾನಿಸಿ ಮತ್ತೆ ಕಳಿಸುವುದು ಟಿಸಿಪಿಯ ಮೂಲ ನಿಯಮ. ಮರುಕಳಿಸಿದ ಪ್ರತಿ ಬಂದು ಮುಟ್ಟುವುದು 150ಕ್ಕೆ. ಅದು ನುಡಿಯಬೇಕಾಗಿದ್ದ ಹೊತ್ತು 90. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಎರಡನೆಯ ಮತ್ತು ಮೂರನೆಯ ಪ್ಯಾಕೆಟ್‌ಗಳು ಸಕಾಲಕ್ಕೆ ಬಂದು ಆಪರೇಟಿಂಗ್ ಸಿಸ್ಟಮಿನ ಕರ್ನಲ್ಲಿನಲ್ಲಿ ಕೂತಿವೆ. ಆದರೆ ಕ್ರಮ ತಪ್ಪಿಸಬಾರದು ಎಂಬ ನಿಯಮದಿಂದ ಟಿಸಿಪಿ ಅವನ್ನು 150ರ ತನಕ ಅಪ್ಲಿಕೇಶನ್ನಿಗೆ ಕೊಡುವುದಿಲ್ಲ. ಅವುಗಳ ಹೊತ್ತೂ ಮೀರಿಹೋಯಿತು. ಕಳೆದದ್ದು ಒಂದು ಪ್ಯಾಕೆಟ್, ಹಾಳಾದದ್ದು ಮೂರು. ಮರುಕಳಿಸಿದ ಪ್ರತಿಯೂ ಕಳೆದರೆ ಗಡಿಯಾರ ತೀರುವ ತನಕ ಕಾಯಬೇಕು. ಲಿನಕ್ಸಿನಲ್ಲಿ ಆ ಕಾಯುವಿಕೆ ಸಾಮಾನ್ಯವಾಗಿ 200 ಮಿಲಿಸೆಕೆಂಡಿಗಿಂತ ಕಡಿಮೆ ಇರುವುದಿಲ್ಲ. ಅಷ್ಟು ಹೊತ್ತು ಮಾತೇ ನಿಂತುಹೋಗುತ್ತದೆ.

ಯುಡಿಪಿಯಲ್ಲಿ ಎರಡನೆಯ ಪ್ಯಾಕೆಟ್ ಬಂದ ಕ್ಷಣವೇ ಅಪ್ಲಿಕೇಶನ್ನಿನ ಕೈಸೇರುತ್ತದೆ. 90ಕ್ಕೆ ನುಡಿಸಲು ಏನೂ ಇಲ್ಲ. ಫೋನ್ ಹಿಂದಿನ ಧ್ವನಿಯನ್ನೇ ಹಿಗ್ಗಿಸಿ 20 ಮಿಲಿಸೆಕೆಂಡಿನ ತೆರಪು ಮುಚ್ಚುತ್ತದೆ. 110ಕ್ಕೆ ಮಾತು ಮುಂದುವರಿಯುತ್ತದೆ. ಕೇಳುವವರಿಗೆ ಅದು ಗೊತ್ತಾಗುವುದೂ ಅಪರೂಪ. ಗಮನಿಸಿ, ಇಲ್ಲಿ ಕ್ರಮವೂ ತಪ್ಪಿಲ್ಲ, ಎಚ್ಚರವೂ ತಪ್ಪಿಲ್ಲ. ಆರ್‌ಟಿಪಿ ಎಂಬ ಪ್ರೋಟೊಕಾಲ್ ಯುಡಿಪಿಯ ಒಳಗೆ 12 ಬೈಟಿನ ತನ್ನದೇ ಹೆಡರ್ ಇಟ್ಟು, ಪ್ರತಿ ಪ್ಯಾಕೆಟ್ಟಿಗೂ ಕ್ರಮಸಂಖ್ಯೆ ಮತ್ತು ಸಮಯ ಬರೆದಿರುತ್ತದೆ. ಕಳೆದದ್ದು ಯಾವುದು ಎಂದು ಅಪ್ಲಿಕೇಶನ್ನಿಗೆ ಖಚಿತವಾಗಿ ಗೊತ್ತು. ಅದಕ್ಕಾಗಿ ಕಾಯುವುದು ಬೇಡ ಎಂದು ನಿರ್ಧರಿಸಿದ್ದೂ ಅಪ್ಲಿಕೇಶನ್ನೇ. ಮಾತಿನ ದತ್ತಾಂಶ ಮುಖ್ಯವಲ್ಲ ಎಂದು ಇದನ್ನು ವಿವರಿಸುವ ಪಠ್ಯ ವಿದ್ಯಾರ್ಥಿಗೆ ಹೇಳುತ್ತಿರುವುದು ಸುಳ್ಳು. ಅದು ತುಂಬಾ ಮುಖ್ಯ, ಆದ್ದರಿಂದಲೇ ತಡವಾದದ್ದಕ್ಕೆ ಅಲ್ಲಿ ಬೆಲೆಯಿಲ್ಲ.

ಇದೇ ಅಳತೆಗೋಲಿನಿಂದ ವಿಡಿಯೊ ಯುಡಿಪಿ ಬಳಸುತ್ತದೆ ಎಂಬ ವಾಕ್ಯವೂ ಬಿದ್ದುಹೋಗುತ್ತದೆ. ಮೊದಲೇ ಚಿತ್ರೀಕರಿಸಿಟ್ಟ ಸಿನಿಮಾವನ್ನು ಅಂತರ್ಜಾಲದಲ್ಲಿ ನೋಡುವಾಗ ಪ್ಲೇಯರ್ ಕೆಲವು ಸೆಕೆಂಡುಗಳ ತುಣುಕುಗಳನ್ನು ಎಚ್‌ಟಿಟಿಪಿ ಮೂಲಕ ಒಂದೊಂದಾಗಿ ತರಿಸಿ ಮುಂಚಿತವಾಗಿ ಕೂಡಿಟ್ಟುಕೊಳ್ಳುತ್ತದೆ. ಕೈಯಲ್ಲಿ ಹತ್ತಾರು ಸೆಕೆಂಡಿನ ಸಂಗ್ರಹವಿರುವಾಗ ಒಂದು ಪ್ಯಾಕೆಟ್ಟಿಗಾಗಿ ಕಾಲು ಸೆಕೆಂಡ್ ಕಾದರೆ ಏನೂ ಕೆಡುವುದಿಲ್ಲ. ಅಲ್ಲಿ ವರ್ಷಗಳ ಕಾಲ ದುಡಿದದ್ದು ಟಿಸಿಪಿಯೇ. ಇಬ್ಬರು ಮುಖ ನೋಡಿಕೊಂಡು ಮಾತಾಡುವ ವಿಡಿಯೊ ಕರೆಗೆ ಮಾತ್ರ ಯುಡಿಪಿ ಬೇಕು. ಎರಡೂ ವಿಡಿಯೊಗಳೇ. ಬೇರೆಯಾಗಿರುವುದು ಅವುಗಳ ಗಡುವು.

ಇನ್ನು ನಂಬಿಕಸ್ಥ ಎಂಬ ಪದ. ಟಿಸಿಪಿ ಬಳಸಿದರೆ ದತ್ತಾಂಶ ತಲುಪುವುದು ಖಾತರಿ ಎಂದು ಬರೆದವರಿಗೆ ಅಂಕ ಕೊಡುತ್ತೇವೆ. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಒಂದು ಬಿಲ್ಲನ್ನು ಮುಖ್ಯ ಸರ್ವರಿಗೆ ಕಳಿಸಿತು ಎಂದಿಟ್ಟುಕೊಳ್ಳಿ. ಸರ್ವರಿನ ಕರ್ನಲ್ ಅದನ್ನು ಪಡೆದು, ಸಿಕ್ಕಿತು ಎಂದು ಉತ್ತರಿಸಿತು. ಸರ್ವರಿನ ತಂತ್ರಾಂಶ ಅದನ್ನು ಓದಿ ಡೇಟಾಬೇಸಿಗೆ ಬರೆಯುವ ಮುನ್ನವೇ ಕರೆಂಟ್ ಹೋಯಿತು. ಟಿಸಿಪಿಯ ದೃಷ್ಟಿಯಲ್ಲಿ ಬಿಲ್ ತಲುಪಿದೆ, ಅಂಗಡಿಯ ದೃಷ್ಟಿಯಲ್ಲಿ ಕಳೆದುಹೋಗಿದೆ. ಸರ್ವರ್ ಬರೆದ ಮೇಲೆ ಈ ಬಿಲ್ ಬರೆದೆ ಎಂದು ಅದರ ತಂತ್ರಾಂಶವೇ ಉತ್ತರ ಕೊಡಬೇಕು. ಉತ್ತರ ಬಾರದಿದ್ದರೆ ಅಂಗಡಿ ಅದೇ ಬಿಲ್ ಸಂಖ್ಯೆಯಿಂದ ಮತ್ತೆ ಕಳಿಸಬೇಕು. ಅದೇ ಸಂಖ್ಯೆ ಎರಡು ಸಲ ಬಂದರೆ ಸರ್ವರ್ ಒಂದೇ ಸಲ ಬರೆದುಕೊಳ್ಳಬೇಕು. ಈ ಮೂರೂ ಅಪ್ಲಿಕೇಶನ್ನಿನ ಕೆಲಸಗಳು. ಪೂರ್ಣ ಖಾತರಿ ಎರಡು ತುದಿಗಳಲ್ಲಿ ಮಾತ್ರ ಸಾಧ್ಯ, ನಡುವಿನವರು ಕೊಡುವುದು ನೆರವು ಮಾತ್ರ ಎಂಬ ಈ ತತ್ವವನ್ನು ಸಾಲ್ಟ್ಜರ್, ರೀಡ್ ಮತ್ತು ಕ್ಲಾರ್ಕ್ ತಮ್ಮ 1984ರ ಪ್ರಬಂಧದಲ್ಲಿ ಸ್ಪಷ್ಟವಾಗಿ ಮಂಡಿಸಿದ್ದಾರೆ. ರಿಜಿಸ್ಟರ್ಡ್ ಪೋಸ್ಟ್ ಹೋಲಿಕೆ ಈ ತತ್ವವನ್ನು ಸಂಪೂರ್ಣ ಮರೆಮಾಡುತ್ತದೆ. ಟಿಸಿಪಿಯ ರಸೀದಿ ಬರುವುದು ಕರ್ನಲ್ಲಿನಿಂದ, ಪತ್ರ ಓದಬೇಕಾದವರಿಂದಲ್ಲ.

ಬಾಯಿಪಾಠದ ಬೆಲೆ ಎಷ್ಟು ಎಂಬುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಡಿಎನ್ಎಸ್ ಯುಡಿಪಿ ಬಳಸುತ್ತದೆ ಎಂಬುದು ಎಲ್ಲರೂ ಕಲಿತ ಸಾಲು. ನಾನು ಕಂಡ ಒಂದು ಕಚೇರಿಯಲ್ಲಿ ಅದನ್ನು ನಂಬಿ ಫೈರ್‌ವಾಲಿನಲ್ಲಿ 53ನೆಯ ಪೋರ್ಟಿಗೆ ಯುಡಿಪಿಯನ್ನು ಬಿಟ್ಟು, ಟಿಸಿಪಿಯನ್ನು ತಡೆದಿದ್ದರು. ಎಲ್ಲವೂ ಸರಿಯಿದ್ದಂತೆಯೇ ಕಂಡಿತು. ಜಾಲತಾಣಗಳು ತೆರೆಯುತ್ತಿದ್ದವು. ಕೆಲವು ಸಂಸ್ಥೆಗಳಿಂದ ಬರುವ ಇಮೇಲ್ ಮಾತ್ರ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು ತಡವಾಗುತ್ತಿತ್ತು, ಕೆಲವು ಹೆಸರುಗಳು ಮಾತ್ರ ಸಿಗುತ್ತಿರಲಿಲ್ಲ. ಸರ್ವರ್ ಕೆಟ್ಟಿದೆ, ಸಂಪರ್ಕ ಕೆಟ್ಟಿದೆ ಎಂದು ಎಲ್ಲರೂ ಬೇರೆ ಬೇರೆ ಕಡೆ ಹುಡುಕಿದರು.

ಕಾರಣ ಇದು. ಡಿಎನ್ಎಸ್ ಪ್ರಶ್ನೆ ಚಿಕ್ಕದು, ಉತ್ತರವೂ ಸಾಮಾನ್ಯವಾಗಿ ಚಿಕ್ಕದು. ಯುಡಿಪಿಯಲ್ಲಿ ಎರಡೇ ಪ್ಯಾಕೆಟ್‌ಗಳಲ್ಲಿ ಕೆಲಸ ಮುಗಿಯುತ್ತದೆ. ಪ್ಯಾಕೆಟ್ ಕಳೆದರೆ ಕೇಳಿದವರೇ ಕೆಲವು ಸೆಕೆಂಡ್ ಕಾದು ಮತ್ತೆ ಕೇಳುತ್ತಾರೆ. ಮೂಲ ನಿಯಮದಲ್ಲಿ ಯುಡಿಪಿ ಉತ್ತರದ ಮಿತಿ 512 ಬೈಟ್, ಈಗ ಸಾಮಾನ್ಯವಾಗಿ ಶಿಫಾರಸು ಮಾಡುವ ಮಿತಿ 1232 ಬೈಟ್. ಡಿಜಿಟಲ್ ಸಹಿ ಇರುವ ಅಥವಾ ಇಮೇಲ್ ಪರಿಶೀಲನೆಯ ಉದ್ದನೆಯ ದಾಖಲೆಗಳಿರುವ ಉತ್ತರ ಇದನ್ನು ಮೀರಬಹುದು. ಆಗ ಸರ್ವರ್ ಉತ್ತರವನ್ನು ಕತ್ತರಿಸಿ, ಕತ್ತರಿಸಿದ್ದೇನೆ ಎಂಬ ಒಂದು ಗುರುತು ಹಚ್ಚಿ ಕಳಿಸುತ್ತದೆ. ಕೇಳಿದವರು ಅದೇ ಪ್ರಶ್ನೆಯನ್ನು ಟಿಸಿಪಿಯಲ್ಲಿ ಮತ್ತೆ ಕೇಳಬೇಕು. ಆ ಬಾಗಿಲನ್ನೇ ಮುಚ್ಚಿದ್ದರು. ಪರೀಕ್ಷಿಸಲು ಎರಡು ಸಾಲು ಸಾಕು:

```
dig example.com TXT
dig +tcp example.com TXT
```

ಹೆಸರಿನ ಜಾಗದಲ್ಲಿ ತೊಂದರೆ ಕೊಡುತ್ತಿರುವ ಹೆಸರನ್ನು ಹಾಕಬೇಕು. ಮೊದಲ ಸಾಲಿಗೆ `;; Truncated, retrying in TCP mode.` ಎಂದು ಬಂದು, ಎರಡನೆಯ ಸಾಲು `timed out` ಎಂದು ನಿಂತರೆ ದೋಷ ಎಲ್ಲಿದೆ ಎಂಬುದು ಖಚಿತ. ಡಿಎನ್ಎಸ್‌ಗೆ ಟಿಸಿಪಿ ಐಚ್ಛಿಕವಲ್ಲ, ಕಡ್ಡಾಯ ಎಂದು 2016ರ ಆರ್‌ಎಫ್‌ಸಿ 7766 ಹೇಳುತ್ತದೆ. ಈ ಫೈರ್‌ವಾಲ್ ನಿಯಮ ಬರೆದವರಿಗೆ ತಿಳುವಳಿಕೆಯ ಕೊರತೆಯಿರಲಿಲ್ಲ, ಅವರು ಕಲಿತ ಪಟ್ಟಿಯನ್ನು ನಿಷ್ಠೆಯಿಂದ ಪಾಲಿಸಿದ್ದರು. ಒಂದೇ ಅಪ್ಲಿಕೇಶನ್ ಉತ್ತರದ ಗಾತ್ರ ನೋಡಿಕೊಂಡು ಎರಡನ್ನೂ ಬಳಸಬಹುದು ಎಂಬ ಸಂಗತಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಈ ಪಟ್ಟಿಗೆ ಕೊನೆಯ ಏಟು ಕೊಟ್ಟದ್ದು ಕ್ವಿಕ್. 2021ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 9000 ಆಗಿ ಮಾನಕವಾದ ಈ ಪ್ರೋಟೊಕಾಲ್ ಯುಡಿಪಿಯ ಮೇಲೆ ಕೂತು ಮರುಕಳಿಸುವಿಕೆ, ಕ್ರಮ, ದಟ್ಟಣೆಯ ಸಂಯಮ ಎಲ್ಲವನ್ನೂ ತಾನೇ ಮಾಡುತ್ತದೆ. ಟಿಎಲ್ಎಸ್‌ನ ಪರಿಚಯದ ಮಾತುಕತೆಯನ್ನೂ ಒಳಗೇ ಸೇರಿಸಿಕೊಂಡಿದೆ. ಎಚ್‌ಟಿಟಿಪಿಯ ಮೂರನೆಯ ಆವೃತ್ತಿ ಓಡುವುದು ಇದರ ಮೇಲೆ. ನೀವು ಬ್ರೌಸರಿನಲ್ಲಿ ಬ್ಯಾಂಕಿನ ತಾಣವನ್ನೋ ವಿಡಿಯೊವನ್ನೋ ತೆರೆದಾಗ, ಆ ಸರ್ವರ್ ಇದಕ್ಕೆ ಸಿದ್ಧವಿದ್ದರೆ, ದತ್ತಾಂಶ ಬರುವುದು ಯುಡಿಪಿಯ 443ನೆಯ ಪೋರ್ಟಿನಿಂದ, ಒಂದು ಬೈಟೂ ಕಳೆಯದಂತೆ. ಒಂದೇ ಸಂಪರ್ಕದಲ್ಲಿ ಹತ್ತು ಚಿತ್ರಗಳು ಬರುತ್ತಿರುವಾಗ ಒಂದರ ಪ್ಯಾಕೆಟ್ ಕಳೆದರೆ ಉಳಿದ ಒಂಬತ್ತು ಕಾಯಬೇಕಾಗಿಲ್ಲ. ನಾವು ಲೆಕ್ಕ ಮಾಡಿದ ಮಾತಿನ ಕರೆಯಲ್ಲಿ ಟಿಸಿಪಿಗಿದ್ದ ಅದೇ ತೊಡಕನ್ನು ಇಲ್ಲಿ ಬಿಡಿಸಿದ್ದಾರೆ. ಇದನ್ನು ಹೊಸ ಪ್ರೋಟೊಕಾಲ್ ಸಂಖ್ಯೆಯೊಂದಿಗೆ ನೇರ ಐಪಿಯ ಮೇಲೆ ಕಟ್ಟದೆ ಯುಡಿಪಿಯ ಮೇಲೆ ಕಟ್ಟಿದ್ದಕ್ಕೂ ಕಾರಣವಿದೆ. ದಾರಿಯಲ್ಲಿರುವ ಫೈರ್‌ವಾಲ್‌ಗಳು, ವಿಳಾಸ ಬದಲಿಸುವ ಪೆಟ್ಟಿಗೆಗಳು ಟಿಸಿಪಿ, ಯುಡಿಪಿ ಬಿಟ್ಟು ಬೇರೇನು ಬಂದರೂ ಎಸೆದುಬಿಡುವುದು ಸಾಮಾನ್ಯ. ಯುಡಿಪಿಯ 8 ಬೈಟುಗಳು ಹೆಚ್ಚೇನೂ ಮಾಡದಿರುವುದೇ ಹೊಸದನ್ನು ಕಟ್ಟಲು ಜಾಗ ಮಾಡಿಕೊಟ್ಟಿತು. ಕ್ವಿಕ್ ಯಾವ ಪದರ? ನಾಲ್ಕೂ ಹೌದು, ಐದೂ ಹೌದು, ಆರೂ ಹೌದು. ಉತ್ತರಿಸಲು ಪರದಾಡಬೇಕಾದದ್ದು ವಿದ್ಯಾರ್ಥಿಯಲ್ಲ, ಪ್ರಶ್ನೆಯನ್ನು ಹಾಗೆ ಕೇಳಿದವರು.

ಮಕ್ಕಳಿಗೆ ಶುರುವಿನಲ್ಲಿ ಏನಾದರೂ ಸುಲಭವಾದದ್ದು ಬೇಕಲ್ಲ ಎಂದು ಅಧ್ಯಾಪಕ ಮಿತ್ರರು ಕೇಳುತ್ತಾರೆ. ಬೇಕು. ಆದರೆ ಏಳು ಹೆಸರಿಗಿಂತ ನಾಲ್ಕು ಹೆಸರು ಸುಲಭ, ಹೆಸರಿಗಿಂತ ಕಾರಣ ಹೆಚ್ಚು ಕಾಲ ನೆನಪಿರುತ್ತದೆ. 1978ರಲ್ಲಿ ಆ ಸೀಳು ಏಕೆ ಬಂತು ಎಂಬುದನ್ನು ಒಂದು ತರಗತಿಯಲ್ಲಿ ಹೇಳಿದರೆ, ಐಪಿ ಏಕೆ ಏನನ್ನೂ ಖಾತರಿ ಕೊಡುವುದಿಲ್ಲ, ಟಿಸಿಪಿ ಏಕೆ ತುದಿಗಳಲ್ಲಿದೆ, ಯುಡಿಪಿ ಏಕೆ ಇಷ್ಟು ಚಿಕ್ಕದು ಎಂಬ ಮೂರೂ ಒಟ್ಟಿಗೆ ಅರ್ಥವಾಗುತ್ತವೆ. ಅನಂತರ ಯಾವುದೇ ಅಪ್ಲಿಕೇಶನ್ ಬಂದರೂ ವಿದ್ಯಾರ್ಥಿ ಪಟ್ಟಿ ನೋಡಬೇಕಾಗಿಲ್ಲ. ತಡವಾಗಿ ಬಂದರೆ ಇದು ಉಪಯೋಗಕ್ಕೆ ಬರುತ್ತದೆಯೇ, ಒಂದು ಭಾಗ ಕಳೆದರೆ ಉಳಿದದ್ದು ಕಾಯಬೇಕೆ, ದಟ್ಟಣೆಯಾದಾಗ ಗತಿ ತಗ್ಗಿಸುವವರು ಯಾರು, ಕೆಲಸ ಮುಗಿಯಿತು ಎಂದು ಕೊನೆಯಲ್ಲಿ ಹೇಳುವವರು ಯಾರು ಎಂದು ಕೇಳಿಕೊಂಡರೆ ಸಾಕು.

ಆದ್ದರಿಂದ ಪಠ್ಯಕ್ರಮ ಸಮಿತಿಗಳಲ್ಲಿ ಕೂರುವವರಲ್ಲಿ, ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನ ಒತ್ತಾಯ ಇಷ್ಟು. ಓಎಸ್ಐ ಮಾದರಿಯ ಏಳು ಪದರಗಳನ್ನು ಚಿತ್ರಸಹಿತ ವಿವರಿಸಿ ಎಂಬ ಪ್ರಶ್ನೆಯನ್ನು ಕೈಬಿಡಿ. ಟಿಸಿಪಿ ಮತ್ತು ಯುಡಿಪಿಯ ವ್ಯತ್ಯಾಸಗಳನ್ನು ಕೋಷ್ಟಕದಲ್ಲಿ ಬರೆಯಿರಿ ಎಂಬುದನ್ನೂ ಕೈಬಿಡಿ. ಅದರ ಬದಲು 20 ಮಿಲಿಸೆಕೆಂಡಿಗೊಂದು ಹೊರಡುವ ಪ್ಯಾಕೆಟ್‌ಗಳಲ್ಲಿ ಒಂದು ಕಳೆದರೆ ಎರಡೂ ಬಗೆಯಲ್ಲಿ ಕೇಳುವವರಿಗೆ ಯಾವ ಯಾವ ಪ್ಯಾಕೆಟ್ ತಪ್ಪುತ್ತದೆ ಎಂದು ಲೆಕ್ಕ ಮಾಡಲು ಹೇಳಿ. ಕೆಲವು ಹೆಸರುಗಳು ಮಾತ್ರ ಸಿಗದ ಕಚೇರಿಯ ವಿವರ ಕೊಟ್ಟು, ಮೊದಲು ಯಾವ ಪರೀಕ್ಷೆ ಮಾಡುತ್ತೀರಿ, ಏಕೆ ಎಂದು ಕೇಳಿ. ಈ ಪ್ರಶ್ನೆಗಳಿಗೆ ಉತ್ತರ ಬರೆಯಲು ವಿದ್ಯಾರ್ಥಿ ಇಂಟರ್ನೆಟ್ ಕೆಲಸ ಮಾಡುವ ಬಗೆಯನ್ನು ತಿಳಿದಿರಲೇಬೇಕು. ಈಗಿನ ಪ್ರಶ್ನೆಗಳಿಗೆ ಅದು ಬೇಕಾಗಿಲ್ಲ.